ಹೆಸರು ಕೇಳಿಲ್ಲ, ಆದರೂ ಯಾರು ಅಂತ ಗೊತ್ತಾಗುತ್ತೆ

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯು ಆರ್ಟ್ಸ್ ವಿದ್ಯಾರ್ಥಿನಿ. ಸಮಾಜಶಾಸ್ತ್ರದ ಪ್ರಾಜೆಕ್ಟಿಗೆ ‘ಮನೆಯ ಆರ್ಥಿಕ ಪರಿಸ್ಥಿತಿ ಮತ್ತು ಅಂಕಗಳು’ ಅನ್ನೋ ವಿಷಯ ತಗೊಂಡಿದ್ದೇನೆ. ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕ್ಲಾಸಿನಲ್ಲಿ 46 ಜನ ಇದ್ದೇವೆ. ಹುಡುಗನಾ ಹುಡುಗಿಯಾ, ಹಾಸ್ಟೆಲ್ಲಾ ಮನೆಯಾ, ಕ್ಯಾಟಗರಿ, ಅಪ್ಪ-ಅಮ್ಮನ ವರ್ಷದ ಆದಾಯ, ಫಸ್ಟ್ ಪಿಯು ಮಾರ್ಕ್ಸ್, ಕೊನೆಗೆ ‘ನಿಮಗೆ ಡಿಪ್ರೆಶನ್ ಇದೆಯಾ’ ಅಂತ ಕೇಳಿದ್ದೇನೆ. ಹೆಸರು ಕೇಳಿಲ್ಲ. 11 ಜನ ತುಂಬಿದ ಮೇಲೆ ಒಬ್ಬ ಗೆಳತಿ ‘ನಿನಗ್ಯಾಕೆ ಇದೆಲ್ಲ’ ಅಂತ ಜಗಳ ಆಡಿದಳು. ಲೆಕ್ಚರರ್ ವಿಷಯಕ್ಕೆ ಓಕೆ ಅಂದಿದ್ದಾರೆ. ಹೆಸರೇ ಇಲ್ಲ ಅಂದಮೇಲೆ ತಪ್ಪೇನು ಸರ್? ಬದಲಾಯಿಸಲೇಬೇಕು ಅಂದರೆ ಏನು ತಗೊಳ್ಳಲಿ? ಇನ್ನು ಮೂರು ವಾರ ಇದೆ.

ಉತ್ತರ: ಮೊದಲು ಫಾರ್ಮ್ ಮುಚ್ಚಿ, ಹೊಸ ಉತ್ತರ ಬರದ ಹಾಗೆ ಮಾಡಿ. ಆಮೇಲೆ ಕೂತು ಇದನ್ನು ಓದಿ.

ನಿಮ್ಮ ಗೆಳತಿಗೆ ಸಿಟ್ಟು ಬಂದಿದ್ದಕ್ಕೆ ಕಾರಣ ಇದೆ. ಅದನ್ನು ಅವಳು ಲೆಕ್ಕದಲ್ಲಿ ಹೇಳಿರಲಿಕ್ಕಿಲ್ಲ, ನಾನು ಹೇಳುತ್ತೇನೆ.

ನಿಮ್ಮ ಫಾರ್ಮಿನಲ್ಲಿ ಹೆಸರು ಇಲ್ಲ ಅಂತೀರಿ. ಆದರೆ ಫಸ್ಟ್ ಪಿಯು ಮಾರ್ಕ್ಸ್ ಇದೆ. 600ಕ್ಕೆ 437 ಅಂತ ಒಬ್ಬರು ಬರೆದರು ಅಂದುಕೊಳ್ಳಿ. 46 ಜನರ ಕ್ಲಾಸಿನಲ್ಲಿ 437 ತೆಗೆದವರು ಎಷ್ಟು ಜನ ಇರ್ತಾರೆ? ಬಹುತೇಕ ಒಬ್ಬರೇ. ಆ ಒಬ್ಬರು ಯಾರು ಅಂತ ರಿಸಲ್ಟ್ ಬಂದ ದಿನವೇ ಇಡೀ ಕ್ಲಾಸಿಗೆ ಗೊತ್ತಿರುತ್ತೆ. ಅಂದರೆ ಆ ಸಾಲಿನಲ್ಲಿರೋ ಕ್ಯಾಟಗರಿ, ಆದಾಯ, ಡಿಪ್ರೆಶನ್ ಉತ್ತರ ಎಲ್ಲವೂ ಹೆಸರಿನ ಸಮೇತ ಬಂದ ಹಾಗೆಯೇ. ಮಾರ್ಕ್ಸ್ ಕೇಳೋದೂ ಹೆಸರು ಕೇಳೋದೂ ನಿಮ್ಮ ಕ್ಲಾಸಿನಲ್ಲಿ ಒಂದೇ.

ಸರಿ, ಮಾರ್ಕ್ಸ್ ತೆಗೆದುಬಿಡೋಣ ಅಂತೀರಾ? ಉಳಿದದ್ದರಲ್ಲಿ ಮೊದಲ ಮೂರೇ ಪ್ರಶ್ನೆ ನೋಡಿ. ನಿಮ್ಮ ಕ್ಲಾಸು ನನಗೆ ಗೊತ್ತಿಲ್ಲ, ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. 46ರಲ್ಲಿ 27 ಹುಡುಗಿಯರು. ಅವರಲ್ಲಿ ಹಾಸ್ಟೆಲ್ಲಿನವರು 8. ಆ 8ರಲ್ಲಿ ಎಸ್‌ಸಿ 3, 2ಎ 3, ಎಸ್‌ಟಿ 1, 3ಬಿ 1. ಕೊನೆಯ ಇಬ್ಬರು ಮೂರು ಟಿಕ್ ಹಾಕುವಷ್ಟರಲ್ಲಿ ಸಿಕ್ಕಿಬಿದ್ದರು. ‘ಹಾಸ್ಟೆಲ್‌ನಲ್ಲಿರೋ ಎಸ್‌ಟಿ ಹುಡುಗಿ’ ಅಂದರೆ ಯಾರು ಅಂತ ನಿಮಗೆ ಫಾರ್ಮ್ ನೋಡುವ ಮೊದಲೇ ಗೊತ್ತು. ಇನ್ನೊಂದು ವಿಷಯ. ಪಿಯು ಮಕ್ಕಳ ಸರ್ಕಾರಿ ಹಾಸ್ಟೆಲ್‌ಗಳು ಸಮಾಜ ಕಲ್ಯಾಣದ್ದು, ಬಿಸಿಎಂನದ್ದು ಅಂತ ಬೇರೆ ಬೇರೆ ಇರ್ತವೆ ಅಲ್ವಾ, ಹಾಗಾಗಿ ಯಾವ ಹಾಸ್ಟೆಲ್ ಅಂತ ಹೇಳಿದರೆ ಕ್ಯಾಟಗರಿ ಕಾಲಂ ಇಲ್ಲದಿದ್ದರೂ ಅರ್ಧ ಉತ್ತರ ಹೊರಬಿದ್ದಿರುತ್ತೆ.

ಇದು ಸಣ್ಣ ಕ್ಲಾಸಿನ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಅಲ್ಲಿನ ಒಂದು ಊರಿನ ಮತದಾರರ ಪಟ್ಟಿ ಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟರು. ಹುಟ್ಟಿದ ದಿನ, ಗಂಡು-ಹೆಣ್ಣು, ಪಿನ್ ಕೋಡ್, ಈ ಮೂರರಿಂದಲೇ ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಆಸ್ಪತ್ರೆ ದಾಖಲೆ ಯಾವುದು ಅಂತ ಗುರುತಿಸಿದರು. ಒಂದು ಇಡೀ ಊರಿನಲ್ಲೇ ಹೀಗಾದರೆ 46 ಜನರ ಕ್ಲಾಸು ಯಾವ ಲೆಕ್ಕ.

ಫಾರ್ಮಿನದ್ದೇ ಒಂದು ಎಡವಟ್ಟು ಇದೆ, ಇದನ್ನು ಬಹಳ ಜನ ಗಮನಿಸಲ್ಲ. ಉತ್ತರಗಳನ್ನು ಶೀಟಿನಲ್ಲಿ ತೆರೆದರೆ ಮೊದಲ ಕಾಲಂ `Timestamp`. ಯಾವ ದಿನ, ಎಷ್ಟು ಗಂಟೆ, ಎಷ್ಟು ಸೆಕೆಂಡಿಗೆ ಉತ್ತರ ಬಂತು ಅಂತ ಅದರಲ್ಲಿ ಇರುತ್ತೆ. ಈಗ ನಿಮ್ಮ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಲಿಂಕ್ ಹಾಕಿದ ಮೇಲೆ ‘ಡನ್’, ‘ಮಾಡ್ದೆ ಕಣೇ’ ಅಂತ ಯಾರು ಯಾವಾಗ ಬರೆದಿದ್ದಾರೆ? ಶೀಟಿನಲ್ಲಿ 9:14ಕ್ಕೆ ಒಂದು ಸಾಲು, ಗ್ರೂಪಿನಲ್ಲಿ 9:15ಕ್ಕೆ ಒಂದು ‘ಡನ್’. ಎರಡನ್ನೂ ಜೋಡಿಸೋದಕ್ಕೆ ಪತ್ತೇದಾರಿಕೆ ಬೇಕಿಲ್ಲ. ಕಾಲೇಜಿನ ಇಮೇಲ್ ಐಡಿಯಿಂದ ಫಾರ್ಮ್ ಮಾಡಿದ್ದರೆ ಇಮೇಲ್ ಸಂಗ್ರಹಿಸುವ ಸೆಟ್ಟಿಂಗ್ ಆನ್ ಆಗಿದೆಯಾ ಅಂತಲೂ ನೋಡಿ. ನೀವು ಕೇಳದೇ ಇದ್ದರೂ ಅದು ತಾನಾಗಿ ತಗೊಂಡಿರಬಹುದು.

ಇನ್ನು ಲೆಕ್ಚರರ್ ಓಕೆ ಅಂದಿದ್ದಾರೆ ಅನ್ನೋ ಮಾತು. ಅವರು ಓಕೆ ಅಂದಿದ್ದು ವಿಷಯಕ್ಕೆ, ಪ್ರಶ್ನೆಗಳನ್ನು ತೋರಿಸಿದ್ರಾ? ಅವರು ಪ್ರಶ್ನೆಗಳಿಗೂ ಒಪ್ಪಿದ್ದರು ಅಂತಲೇ ಇಟ್ಟುಕೊಳ್ಳಿ, ನಿಮ್ಮ ಕ್ಲಾಸ್‌ಮೇಟ್‌ಗಳ ಪರವಾಗಿ ಒಪ್ಪಿಗೆ ಕೊಡೋದು ಅವರಿಗೆ ಸೇರಿದ್ದಲ್ಲ. ಕ್ಲಾಸಿನ ಗ್ರೂಪಿನಲ್ಲಿ ಫ್ರೆಂಡ್ ಒಬ್ಬಳು ‘ಪ್ಲೀಸ್ ತುಂಬಿ’ ಅಂದಾಗ ಆಗಲ್ಲ ಅನ್ನೋದು ಕಷ್ಟ. 46ರಲ್ಲಿ 43 ಜನ ತುಂಬಿದರೆ ಉಳಿದ ಮೂವರು ಯಾರು, ಯಾಕೆ ತುಂಬಲಿಲ್ಲ ಅಂತ ಮಾತು ಶುರುವಾಗುತ್ತೆ. ಸುಮ್ನೆ ಇದ್ದರೂ ಉತ್ತರ ಕೊಟ್ಟ ಹಾಗೆ ಆಗೋ ಜಾಗ ಅದು.

ಕಾನೂನಿನ ವಿಷಯ ಸ್ವಲ್ಪ ಹೇಳಿಬಿಡ್ತೀನಿ, ಹೆದರಿಸೋದಕ್ಕಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಅವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು ಅನ್ನೋದು ಅದರ ಮೂಲ ನಿಯಮ. ಪ್ರಾಜೆಕ್ಟ್ ಮಾಡಿದ್ದಕ್ಕೆ ನಿಮ್ಮ ಮನೆಗೆ ನೋಟಿಸ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ನಿಮ್ಮ ಕ್ಲಾಸಿನಲ್ಲಿ ಹೆಚ್ಚಿನವರಿಗೆ 17 ನಡೀತಿದೆ ಅನ್ನೋದು ನೆನಪಿರಲಿ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೂ ಹಾಗೆಯೇ, 12ರಿಂದ 18ರವರೆಗಿನವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ ಪೋಷಕರ ಒಪ್ಪಿಗೆಯ ಜೊತೆಗೆ ಆ ಹುಡುಗ ಅಥವಾ ಹುಡುಗಿಯ ಲಿಖಿತ ಸಮ್ಮತಿಯೂ ಬೇಕು ಅನ್ನುತ್ತೆ. ಆರೋಗ್ಯ ಸಂಶೋಧನೆ ಮಾಡೋ ದೊಡ್ಡವರಿಗೇ ಇಷ್ಟು ಕಟ್ಟುಪಾಡು.

ಇಲ್ಲೊಂದು ಕುತೂಹಲದ ಸಂಗತಿ. ಸೂಕ್ಷ್ಮ ಮಾಹಿತಿ ಯಾವುದು ಅಂತ ನಮ್ಮಲ್ಲಿ 2011ರ ಐಟಿ ನಿಯಮಗಳಲ್ಲಿ ಒಂದು ಪಟ್ಟಿ ಇತ್ತು. ಪಾಸ್‌ವರ್ಡ್, ಬ್ಯಾಂಕ್ ವಿವರ, ದೇಹ ಮತ್ತು ಮನಸ್ಸಿನ ಆರೋಗ್ಯ, ಲೈಂಗಿಕ ಒಲವು, ಬೆರಳಚ್ಚಿನಂಥವು ಅದರಲ್ಲಿದ್ದವು. ಜಾತಿ ಇರಲಿಲ್ಲ! 2023ರ ಕಾಯ್ದೆಯಲ್ಲಂತೂ ಅಂಥ ಪ್ರತ್ಯೇಕ ಪಟ್ಟಿಯೇ ಇಲ್ಲ. ಆದ್ದರಿಂದ ಪಟ್ಟಿ ನೋಡಿ ಟಿಕ್ ಹಾಕಿದರೆ ಕೆಲಸ ಆಗಲ್ಲ. ಕ್ಲಾಸ್‌ರೂಮಿಗೆ ನಾನು ಹೇಳೋ ಪರೀಕ್ಷೆ ಬೇರೆ. ಪ್ರತಿ ಉತ್ತರದ ಮುಂದೆ ಹೆಸರು ಸೇರಿಸಿ ಬೋರ್ಡಿನ ಮೇಲೆ ಬರೆದರೆ ಯಾರಾದರೂ ನಾಳೆ ಕಾಲೇಜಿಗೆ ಬರೋಕೆ ಹಿಂಜರಿಯುತ್ತಾರಾ? ಒಬ್ಬರಿಗಾದರೂ ಹಾಗಾಗುತ್ತೆ ಅನಿಸಿದರೆ ಆ ಪ್ರಶ್ನೆ ಬೇಡ. ಬಸ್ಸಿನಲ್ಲಿ ಎಷ್ಟು ಹೊತ್ತು ಕೂರ್ತೀರಿ ಅನ್ನೋದು ಈ ಪರೀಕ್ಷೆಯಲ್ಲಿ ಪಾಸ್. ಕ್ಯಾಟಗರಿ, ಆದಾಯ, ಡಿಪ್ರೆಶನ್ ಮೂರೂ ಫೇಲ್.

ಡಿಪ್ರೆಶನ್ ಪ್ರಶ್ನೆಯ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ‘ಇದೆಯಾ’ ಅಂದರೆ ಹೌದು-ಇಲ್ಲ ಅಂತ ತಾನೇ ಹೇಳಿಕೊಳ್ಳೋ ಕಾಯಿಲೆ ಅಲ್ಲ ಅದು, ಹಾಗಾಗಿ ಬರೋ ಉತ್ತರಕ್ಕೆ ಬೆಲೆ ಇಲ್ಲ. ಅದು ಚಿಕ್ಕ ತೊಂದರೆ. ದೊಡ್ಡದು ಏನಂದರೆ, ಯಾರೋ ಒಬ್ಬರು ನಿಜವಾಗಿಯೂ ಕಷ್ಟದಲ್ಲಿದ್ದು ‘ಹೌದು, ಬದುಕೋದೇ ಬೇಡ ಅನಿಸ್ತಿದೆ’ ಅಂತ ಬರೆದರೆ ನೀವೇನು ಮಾಡ್ತೀರಿ? ಹೆಸರು ಗೊತ್ತಿಲ್ಲದಿದ್ದರೆ ಸಹಾಯ ಮಾಡೋಕೆ ಆಗಲ್ಲ. ಹುಡುಕಿದರೆ ಕೊಟ್ಟ ಮಾತು ಮುರಿದ ಹಾಗೆ. ಆ ಭಾರ ಹೊರೋದಕ್ಕೆ ತಯಾರಿ ಇಲ್ಲದೆ ಆ ಪ್ರಶ್ನೆ ಕೇಳಬಾರದು. ಈಗ ಬಂದಿರೋ 11ರಲ್ಲಿ ಅಂಥದ್ದೇನಾದರೂ ಇದ್ದರೆ ಅಳಿಸುವ ಮೊದಲೇ ನೀವು ನಂಬುವ ಲೆಕ್ಚರರ್‌ಗೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416 ನಂಬರನ್ನು ಇಡೀ ಗ್ರೂಪಿಗೆ ಹಾಕಿ, ಒಬ್ಬರನ್ನು ಬೊಟ್ಟು ಮಾಡಿದ ಹಾಗೆ ಆಗಲ್ಲ.

ಇಷ್ಟೆಲ್ಲ ನೈತಿಕತೆಯ ಮಾತಾಯಿತು. ಅದನ್ನು ಪಕ್ಕಕ್ಕಿಟ್ಟರೂ ನಿಮ್ಮ ಪ್ರಾಜೆಕ್ಟ್ ಗಟ್ಟಿಯಾಗಿ ನಿಲ್ಲಲ್ಲ, ಯಾಕಂದರೆ ಆದಾಯದ ಅಂಕಿಯೇ ಸರಿ ಬರಲ್ಲ. ನಾನು ಮನೆ ಮನೆ ಸಮೀಕ್ಷೆಯ ಕೆಲಸ ಮಾಡಿದವನು. ಆದಾಯ ಎಷ್ಟು ಅಂತ ಕೇಳಿದ ತಕ್ಷಣ ಬರೋ ಮರುಪ್ರಶ್ನೆ, ‘ಯಾಕೆ, ಬಿಪಿಎಲ್ ಕಾರ್ಡ್ ಕ್ಯಾನ್ಸಲ್ ಮಾಡ್ತೀರಾ?’ ಅಡಿಕೆ ಬೆಳೆಯೋ ಮನೆಯಲ್ಲಿ ವರ್ಷಕ್ಕೊಮ್ಮೆ ದುಡ್ಡು ಬರುತ್ತೆ, ಅದರಲ್ಲಿ ಗೊಬ್ಬರ, ಕೂಲಿ ಕಳೆದು ಹೇಳಬೇಕಾ, ಕಳೆಯದೆ ಹೇಳಬೇಕಾ ಅಂತ ಮನೆಯ ಯಜಮಾನರಿಗೇ ಗೊತ್ತಾಗಲ್ಲ. ಇನ್ನು 17ರ ಹುಡುಗಿಗೆ ಏನು ಗೊತ್ತಿರುತ್ತೆ? ಸ್ಕಾಲರ್‌ಶಿಪ್‌ಗೆ ಅಂತ ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದಲ್ಲಿ ಇದ್ದದ್ದನ್ನೇ ಬರೀತಾಳೆ. ಅದನ್ನು ಮಾರ್ಕ್ಸ್ ಜೊತೆ ಹೋಲಿಸಿದರೆ ನೀವು ಅಳೆದದ್ದು ಪ್ರಮಾಣಪತ್ರವನ್ನೇ ಹೊರತು ಬಡತನವನ್ನಲ್ಲ. ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್‌ನವರೇ ಆದಾಯ ಕೇಳೋ ಬದಲು ಅಕ್ಕಿ, ಬೇಳೆ, ಬಟ್ಟೆ, ಬಸ್ ಚಾರ್ಜು ಅಂತ ಖರ್ಚಿನ ಉದ್ದ ಪಟ್ಟಿ ಹಿಡಿದು ಕೂರೋದು ಇದಕ್ಕೇ.

‘ಹಾಗಾದರೆ ಆದಾಯ ಬೇಡ, ಮನೆಯಲ್ಲಿ ಫ್ರಿಡ್ಜ್ ಇದೆಯಾ, ಬೈಕ್ ಇದೆಯಾ, ಟಾಯ್ಲೆಟ್ ಒಳಗಿದೆಯಾ ಹೊರಗಿದೆಯಾ ಅಂತ ಕೇಳ್ತೀನಿ’ ಅನ್ನೋ ಯೋಚನೆ ನಿಮಗೆ ಬಂದೇ ಬರುತ್ತೆ, ಎಲ್ಲರಿಗೂ ಬರುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಇಂಥ ವಸ್ತುಗಳನ್ನೇ ಲೆಕ್ಕ ಹಾಕಿ ಮನೆಗಳನ್ನು ಬಡವ-ಶ್ರೀಮಂತ ಅಂತ ಐದು ಹಂತ ಮಾಡ್ತಾರೆ. ಅಂದರೆ ನೀವು ವೇಷ ಹಾಕಿಸಿ ಅದೇ ಪ್ರಶ್ನೆ ಕೇಳಿದಿರಿ, ಅಷ್ಟೇ. ‘ಓದೋಕೆ ಪ್ರತ್ಯೇಕ ರೂಮ್ ಇದೆಯಾ’ ಅನ್ನೋದೂ ಇದೇ ಜಾತಿಗೆ ಸೇರಿದ್ದು. ಆದಾಯಕ್ಕಿಂತ ಹೆಚ್ಚು ಚುಚ್ಚುತ್ತೆ ಕೂಡ, ಯಾಕಂದರೆ ಸುಳ್ಳು ಹೇಳೋಕೆ ಆಗಲ್ಲ, ಮನೆಗೆ ಬಂದ ಗೆಳತಿಗೆ ಗೊತ್ತಿರುತ್ತೆ.

ಈಗ ಏನು ಮಾಡಬಹುದು ಅಂತ ನೋಡೋಣ. ನನ್ನ ಮೊದಲ ಆಯ್ಕೆ ಹೇಳ್ತೀನಿ. ಯಾರ ಹತ್ತಿರ ದುಡ್ಡಿಲ್ಲ ಅಂತ ಹುಡುಕೋದು ಬಿಡಿ, ಓದೋಕೆ ಎಷ್ಟು ದುಡ್ಡು ಬೇಕು ಅಂತ ಹುಡುಕಿ. ‘ನಮ್ಮ ಊರಿನಲ್ಲಿ ಒಂದು ವರ್ಷ ಸೆಕೆಂಡ್ ಪಿಯು ಓದಲು ತಗಲುವ ಖರ್ಚು’. ಇದಕ್ಕೆ ಒಬ್ಬ ಕ್ಲಾಸ್‌ಮೇಟನ್ನೂ ಏನೂ ಕೇಳಬೇಕಾಗಿಲ್ಲ. ಫೀಸು ಮತ್ತು ಪರೀಕ್ಷಾ ಶುಲ್ಕ ಕಾಲೇಜು ಆಫೀಸಿನ ನೋಟಿಸಿನಲ್ಲಿ ಸಿಗುತ್ತೆ. ಪುಸ್ತಕ, ಗೈಡ್, ನೋಟ್‌ಬುಕ್ ಬೆಲೆ ಅಂಗಡಿಯಲ್ಲಿ. ಜೆರಾಕ್ಸಿಗೆ ಪುಟಕ್ಕೆಷ್ಟು ಅಂತ ಕಾಲೇಜಿನ ಎದುರಿನ ಅಂಗಡಿಯವರೇ ಹೇಳ್ತಾರೆ. ಬಸ್ ಪಾಸಿನ ದರ ಡಿಪೋ ಅಥವಾ ಬಸ್ ಸ್ಟ್ಯಾಂಡ್ ಕೌಂಟರಿನಲ್ಲಿ, ಯೂನಿಫಾರ್ಮ್ ಬಟ್ಟೆ ಮೀಟರಿಗೆಷ್ಟು, ಹೊಲಿಗೆಗೆಷ್ಟು ಅಂತ ಟೈಲರ್ ಹತ್ತಿರ. ಒಂದೊಂದಕ್ಕೂ ಎರಡು ಮೂರು ಅಂಗಡಿ ಕೇಳಿ, ಯಾವ ದಿನ ಕೇಳಿದ್ದು ಅಂತ ಬರೆದಿಡಿ.

ಆಮೇಲೆ ಮೂರು ಕಾಲ್ಪನಿಕ ವಿದ್ಯಾರ್ಥಿಗಳನ್ನು ಮಾಡಿ. ನಡೆದು ಬರೋಳು ಒಬ್ಬಳು, ಪಾಸ್ ಮಾಡಿಸಿ ಬಸ್ಸಿನಲ್ಲಿ ಬರೋ ಹುಡುಗ ಒಬ್ಬ, ಪಿಜಿಯಲ್ಲಿದ್ದು ಟ್ಯೂಷನ್‌ಗೂ ಹೋಗೋಳು ಒಬ್ಬಳು. ಪ್ರತಿಯೊಬ್ಬರದ್ದೂ ತಿಂಗಳುವಾರು ಖರ್ಚು ಬರೆಯಿರಿ, ಜೂನ್ ತಿಂಗಳಲ್ಲಿ ಎಷ್ಟು ಒಟ್ಟಿಗೆ ಹೋಗುತ್ತೆ ಅನ್ನೋದು ಆಗ ಕಾಣುತ್ತೆ. ಈಗ ಆರ್ಥಿಕ ಪರಿಸ್ಥಿತಿಯನ್ನು ತರೋದು ಹೇಗೆ? ಯಾರ ಮನೆಯನ್ನೂ ಕೇಳದೆ ತರಬಹುದು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಿಮ್ಮ ಲೆಕ್ಕದಲ್ಲಿ ಬಸ್ಸಿನಲ್ಲಿ ಬರೋ ಹುಡುಗನ ಖರ್ಚು 9,250 ಬಂತು ಅಂತ ಇಟ್ಟುಕೊಳ್ಳಿ, 370ರಿಂದ ಭಾಗಿಸಿದರೆ 25. ಅಂದರೆ ಆ ವರ್ಷದ ಓದಿಗೆ ಒಬ್ಬರ 25 ದಿನದ ಪೂರ್ತಿ ಕೂಲಿ, ಒಂದು ರೂಪಾಯಿಯನ್ನೂ ಊಟಕ್ಕೆ ತೆಗೆಯದೆ. ಸಮಾಜಶಾಸ್ತ್ರದ ಲೆಕ್ಚರರ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಇದರ ಮಿತಿ ಒಂದೇ, ಮಾರ್ಕ್ಸ್ ಬಗ್ಗೆ ಇದು ಏನೂ ಹೇಳಲ್ಲ. ಹೇಳಿದ ಹಾಗೆ ಮಾಡೋಕೂ ಹೋಗಬೇಡಿ.

ಬಡತನಕ್ಕೂ ಓದಿಗೂ ಇರೋ ನಂಟೇ ಬೇಕು ಅಂತ ಹಟ ಇದ್ದರೆ ಎರಡನೇ ದಾರಿ, ಈಗಾಗಲೇ ಪ್ರಕಟವಾಗಿರೋ ಅಂಕಿ-ಅಂಶ. ಎನ್‌ಎಸ್‌ಎಸ್‌ನ 75ನೇ ಸುತ್ತು 2017-18ರಲ್ಲಿ ಶಿಕ್ಷಣದ ಮೇಲೆಯೇ ನಡೆದದ್ದು. ಕುಟುಂಬದ ಖರ್ಚಿನ ಐದು ಹಂತಗಳ ಪ್ರಕಾರ ಎಷ್ಟು ಮಕ್ಕಳು ಓದ್ತಿದ್ದಾರೆ ಅಂತ ಅದರ ವರದಿಯಲ್ಲಿ ಟೇಬಲ್‌ಗಳಿವೆ, ಅಂಕಿ-ಅಂಶ ಸಚಿವಾಲಯದ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಅಲ್ಲಿ ಮಾರ್ಕ್ಸ್ ಇರಲ್ಲ, ಓದ್ತಿದ್ದಾರಾ ಇಲ್ವಾ ಅನ್ನೋದಷ್ಟೇ ಇರುತ್ತೆ, ಹಾಗಾಗಿ ನಿಮ್ಮ ಪ್ರಶ್ನೆಯನ್ನು ಅಷ್ಟಕ್ಕೆ ತಿರುಗಿಸಿಕೊಳ್ಳಬೇಕು. ಒಂದು ಎಚ್ಚರ: ರಾಜ್ಯದ ಸರಾಸರಿ ನೋಡಿ ‘ಬಡವರ ಮನೆ ಹುಡುಗಿ ಹಿಂದೆ ಬೀಳ್ತಾಳೆ’ ಅಂತ ಒಬ್ಬೊಬ್ಬರ ಮೇಲೆ ಹೇರಿ ಬರೆಯಬೇಡಿ. ಗುಂಪಿನ ಲೆಕ್ಕ ಗುಂಪಿನದ್ದೇ.

ಕ್ಲಾಸಿನವರನ್ನೇ ಕೇಳಬೇಕು ಅಂತಿದ್ದರೆ ಸಮಯ ಕೇಳಿ. ಕಾಲೇಜಿಗೆ ಬಂದು ಹೋಗೋಕೆ ದಿನಕ್ಕೆ ಎಷ್ಟು ನಿಮಿಷ (30ರ ಒಳಗೆ, 30ರಿಂದ 60, 60ರಿಂದ 120, ಅದಕ್ಕಿಂತ ಜಾಸ್ತಿ), ನಿನ್ನೆ ಮನೆಯಲ್ಲಿ ಎಷ್ಟು ಹೊತ್ತು ಓದಿದಿರಿ, ನಿನ್ನೆ ಎಷ್ಟು ಹೊತ್ತು ನಿದ್ದೆ ಮಾಡಿದಿರಿ. ಮೂರೇ ಪ್ರಶ್ನೆ. ‘ದಿನಾ’ ಅನ್ನೋದಕ್ಕಿಂತ ‘ನಿನ್ನೆ’ ಅಂದರೆ ಉತ್ತರ ನಿಜಕ್ಕೆ ಹತ್ತಿರ ಬರುತ್ತೆ, ಯಾಕಂದರೆ ದಿನಾ ಎಷ್ಟು ಓದ್ತೀರಿ ಅಂದರೆ ಎಲ್ಲರೂ ನಾಲ್ಕು ಗಂಟೆಯವರೇ. ಯಾವ ಊರು, ಯಾವ ಬಸ್ ಅಂತ ಕೇಳಬೇಡಿ, ಕೆಲವು ಊರಿಂದ ಒಬ್ಬರೇ ಬರ್ತಿರ್ತಾರೆ. ಫಾರ್ಮ್ ಬೇಡ, ಪೇಪರ್ ಸಾಕು. ಎಲ್ಲರಿಗೂ ಒಂದೇ ಥರದ ಚೀಟಿ, ಬರೆಯೋದು ಏನೂ ಇಲ್ಲ, ಬರೀ ಟಿಕ್. ಕೈಬರಹ ಗುರುತು ಸಿಗುತ್ತೆ ಅಲ್ವಾ, ಅದಕ್ಕೆ. ಇಷ್ಟ ಇಲ್ಲದವರು ಖಾಲಿ ಚೀಟಿಯನ್ನೇ ಮಡಿಚಿ ಡಬ್ಬಕ್ಕೆ ಹಾಕಲಿ, ಆಗ ಯಾರು ಉತ್ತರ ಕೊಡಲಿಲ್ಲ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ. ಎಲ್ಲ ಬಿದ್ದ ಮೇಲೆ ಕಲಸಿ, ಆಮೇಲೆ ತೆಗೆಯಿರಿ.

ವರದಿ ಬರೆಯುವಾಗ ಟೇಬಲ್ಲಿನ ಯಾವ ಚೌಕದಲ್ಲೂ ಐದಕ್ಕಿಂತ ಕಡಿಮೆ ಜನ ಉಳಿಯದಂತೆ ನೋಡಿಕೊಳ್ಳಿ, ಉಳಿದರೆ ಪಕ್ಕದ ಗುಂಪಿಗೆ ಸೇರಿಸಿ. ಕಳೆಯುವ ಲೆಕ್ಕದ ಮೇಲೂ ಕಣ್ಣಿರಲಿ. ಒಂದು ಪುಟದಲ್ಲಿ ‘ಒಟ್ಟು 12 ಜನ 4 ಗಂಟೆಗಿಂತ ಕಡಿಮೆ ನಿದ್ದೆ ಮಾಡಿದರು’ ಅಂತ ಬರೆದು ಇನ್ನೊಂದು ಪುಟದಲ್ಲಿ ‘ಅವರಲ್ಲಿ 11 ಜನ ದಾರಿಯಲ್ಲಿ 60 ನಿಮಿಷಕ್ಕಿಂತ ಜಾಸ್ತಿ ಕಳೆಯೋರು’ ಅಂದರೆ, ನೀವು ಹೇಳದೇ ಬಿಟ್ಟ ಆ ಒಬ್ಬರನ್ನು ಮಧ್ಯಾಹ್ನದೊಳಗೆ ಕ್ಲಾಸು ಹುಡುಕಿರುತ್ತೆ.

ಅಂಕಿ-ಅಂಶ ಶಾಸ್ತ್ರ ಓದೋ ಫ್ರೆಂಡ್ಸ್ ಯಾರಾದರೂ ‘ನಾಣ್ಯ ಹಾರಿಸೋ ವಿಧಾನ ಇದೆ, ಅದರಲ್ಲಿ ಏನು ಬೇಕಾದರೂ ಕೇಳಬಹುದು’ ಅನ್ನಬಹುದು. ಹೌದು, ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಶುರು ಮಾಡಿದ ಯೋಚನೆ ಅದು. ಇವತ್ತು ಬಳಕೆಯಲ್ಲಿರೋ ಒಂದು ಸರಳ ರೂಪದಲ್ಲಿ ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಹಾರಿಸ್ತಾರೆ, ಹೆಡ್ ಬಿದ್ದರೆ ಸುಮ್ನೆ ‘ಹೌದು’ ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ಒಬ್ಬರ ‘ಹೌದು’ ನಾಣ್ಯದ್ದಾ ನಿಜದ್ದಾ ಅಂತ ಯಾರಿಗೂ ಗೊತ್ತಾಗಲ್ಲ. ಚೆನ್ನಾಗಿದೆ. ಆದರೆ 46 ಜನಕ್ಕೆ ಹಾಕಿ ನೋಡಿ. 30 ‘ಹೌದು’ ಬಂತು. ಅರ್ಧ ಜನಕ್ಕೆ, ಅಂದರೆ 23 ಜನಕ್ಕೆ ಹೆಡ್ ಬಿತ್ತು ಅಂದುಕೊಂಡರೆ ಉಳಿದ 23ರಲ್ಲಿ 7 ನಿಜದ ಹೌದು, ಸುಮಾರು ಶೇ. 30. ಆದರೆ ನಾಣ್ಯ ಸರಿಯಾಗಿ 23 ಸಲವೇ ಹೆಡ್ ಬೀಳಲ್ಲ. 28 ಬಿದ್ದಿದ್ದರೆ 18ರಲ್ಲಿ 2, ಶೇ. 11. ಬರೀ 18 ಬಿದ್ದಿದ್ದರೆ 28ರಲ್ಲಿ 12, ಶೇ. 43. ಇಷ್ಟು ಏರುಪೇರು ಮಾಮೂಲಿ. ಶೇ. 11 ಮತ್ತು 43ರ ನಡುವೆ ಎಲ್ಲೋ ಇದೆ ಅಂತ ಬರೆಯೋಕೆ ಪ್ರಾಜೆಕ್ಟ್ ಯಾಕೆ ಬೇಕು? ಸಾವಿರಾರು ಜನರಿದ್ದಾಗ ಮಾತ್ರ ಇದು ಕೆಲಸಕ್ಕೆ ಬರುತ್ತೆ.

ಈಗ ಆ 11 ಉತ್ತರಗಳು. ಫಾರ್ಮಿನಲ್ಲಿ ಉತ್ತರ ಅಳಿಸಿದರೆ ಅದಕ್ಕೆ ಜೋಡಿಸಿದ ಶೀಟಿನಿಂದ ಅವು ಹೋಗಲ್ಲ, ಎರಡೂ ಕಡೆ ಬೇರೆ ಬೇರೆಯಾಗಿ ಅಳಿಸಬೇಕು. ಶೀಟನ್ನೇ ಡಿಲೀಟ್ ಮಾಡಿ, ಡ್ರೈವ್‌ನ ಟ್ರ್ಯಾಶ್‌ನಿಂದಲೂ ತೆಗೆಯಿರಿ. ಮೊಬೈಲಿಗೆ ಎಕ್ಸೆಲ್ ಡೌನ್‌ಲೋಡ್ ಮಾಡಿದ್ದರೆ, ಪ್ರಾಜೆಕ್ಟ್ ಪಾರ್ಟ್‌ನರ್‌ಗೆ ಕಳಿಸಿದ್ದರೆ, ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅವೂ ಹೋಗಲಿ. ಮತ್ತೆ ಗ್ರೂಪಿನಲ್ಲಿ ಎರಡು ಸಾಲು ಹಾಕಿ: ‘ಆ ಫಾರ್ಮ್ ಮುಚ್ಚಿದ್ದೇನೆ, ಬಂದ ಉತ್ತರ ಎಲ್ಲ ಅಳಿಸಿದ್ದೇನೆ, ವಿಷಯ ಬದಲಾಯಿಸಿದ್ದೇನೆ.’ ಯಾಕೆ ಅಂತ ಉದ್ದ ವಿವರಣೆ ಬೇಡ. ಜಗಳ ಆಡಿದ ಗೆಳತಿಗೆ ಮಾತ್ರ ಎದುರಿಗೇ ಹೇಳಿ.

ಲೆಕ್ಚರರ್ ಹತ್ತಿರ ಹೋಗುವಾಗ ‘ಸರ್, ವಿಷಯ ಬದಲಾಯಿಸಬೇಕು’ ಅಂತ ಬರಿಗೈಯಲ್ಲಿ ಹೋಗಬೇಡಿ, ಇಷ್ಟು ದಿನ ಆದಮೇಲೆ ಯಾರಿಗಾದರೂ ಕಿರಿಕಿರಿ ಆಗುತ್ತೆ. ಖರ್ಚಿನ ಪಟ್ಟಿಯ ಮೊದಲ ನಾಲ್ಕೈದು ಬೆಲೆ ಬರೆದುಕೊಂಡು ಹೋಗಿ, ಕೂಲಿಯಿಂದ ಭಾಗಿಸಿದ ಒಂದು ಲೆಕ್ಕ ತೋರಿಸಿ. ಮೊದಲ ವಾರ ಅಂಗಡಿ ಮತ್ತು ಆಫೀಸು, ಎರಡನೇ ವಾರ ಮೂರು ವಿದ್ಯಾರ್ಥಿಗಳ ಟೇಬಲ್, ಮೂರನೇ ವಾರ ಬರವಣಿಗೆ. ಬಸ್ ಪಾಸ್ ಕೌಂಟರಿಗೆ ಮಾತ್ರ ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಹೋದರೆ ಕ್ಯೂನಲ್ಲೇ ಒಂದು ದಿನ ಹೋಗುತ್ತೆ.